ಮಣೂಕದ ಶೆಡ್ಡಿನಿಂದ ನೋಡಿದ ಬಂಡವಾಳ

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ವಿಜಯಪುರದಿಂದ ತಿಕೋಟಾ ಕಡೆಗೆ ಹೋದರೆ ಹೊಲಗಳ ನಡುವೆ ಸಾಲುಸಾಲಾಗಿ ಮಣೂಕದ ಶೆಡ್ಡುಗಳು ಕಾಣುತ್ತವೆ. ದ್ರಾವಣದಲ್ಲಿ ಅದ್ದಿದ ದ್ರಾಕ್ಷಿಯನ್ನು ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹರವಿ, ಎರಡು ಮೂರು ವಾರ ಗಾಳಿಗೆ ಬಿಡುತ್ತಾರೆ. ಆ ದಿನಗಳಲ್ಲಿ ಮೋಡ ಕವಿದು ಗಾಳಿಯ ತೇವ ಹೆಚ್ಚಿದರೆ ಕಾಯಿ ಬಣ್ಣ ಕೆಡುತ್ತದೆ, ಬಣ್ಣದೊಂದಿಗೆ ದರವೂ ಬೀಳುತ್ತದೆ. ಶೆಡ್ಡಿನೊಳಗಿನ ಉಷ್ಣತೆ ಮತ್ತು ತೇವಾಂಶವನ್ನು ಅಳೆದು ರೈತನ ಮೊಬೈಲಿಗೆ ಎಚ್ಚರಿಕೆ ಕಳಿಸುವ ಒಂದು ಸಣ್ಣ ಸಾಧನವನ್ನು ಇಬ್ಬರು ಎಂಜಿನಿಯರ್ ಗೆಳೆಯರು ಮಾಡಿದ್ದಾರೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಬಿಡಿಭಾಗಗಳಿಗೆ ಆರು ಸಾವಿರ ರೂಪಾಯಿ, ಮಾರಾಟದ ಬೆಲೆ ಹತ್ತು ಸಾವಿರ. ಇವರಿಗೆ ಯಾವ ದುಡ್ಡು ಯಾವಾಗ ಹೊಂದುತ್ತದೆ ಎಂಬುದು ಈ ಲೇಖನದ ಪ್ರಶ್ನೆ.

ಉತ್ತರದ ಅರ್ಧ ಭಾಗ ದ್ರಾಕ್ಷಿಯ ಹಂಗಾಮಿನಲ್ಲೇ ಇದೆ. ಬಿಡಿಭಾಗಗಳನ್ನು ನವೆಂಬರಿನಲ್ಲಿ ಕೊಳ್ಳಬೇಕು, ಸಾಧನವನ್ನು ಜನವರಿಯಲ್ಲಿ ಕೊಡಬೇಕು, ಹಣ ಮಾತ್ರ ರೈತ ಮಾಲು ಮಾರಿದ ಮೇಲೆ ಬರುತ್ತದೆ. "ಮಣೂಕ ಕೋಲ್ಡ್ ಸ್ಟೋರೇಜ್‌ನ್ಯಾಗ ಐತಿ ತಮ್ಮಾ, ದರ ಬಂದ ಮ್ಯಾಲೆ ಕೊಡ್ತೀನಿ" ಎಂಬ ಮಾತಿನಲ್ಲಿ ಮೋಸವಿಲ್ಲ. ಆ ದರ ಕೆಲವೊಮ್ಮೆ ದೀಪಾವಳಿಯ ಹೊತ್ತಿಗೆ ಬರುತ್ತದೆ ಎಂಬುದಷ್ಟೇ ತೊಂದರೆ. ಹೀಗೆ ಹಾಕಿದ ಹಣ ವರ್ಷಕ್ಕೆ ಒಂದೇ ಸುತ್ತು ತಿರುಗುತ್ತದೆ.

ಗೆಳೆಯರು ಸ್ವಂತ ಉಳಿತಾಯದ ಮೂರು ಲಕ್ಷದಿಂದ ಶುರು ಮಾಡಿದರು. ಅರವತ್ತು ಸಾವಿರ ಪ್ರಯೋಗಕ್ಕೆ ಹೋಯಿತು, ಉಳಿದ ಹಣದಲ್ಲಿ ನಲವತ್ತು ಸಾಧನಗಳಾದವು, ಎಲ್ಲವೂ ಮಾರಿ ವರ್ಷದ ಕೊನೆಗೆ ಕೈಯಲ್ಲಿ ನಾಲ್ಕು ಲಕ್ಷ ಉಳಿಯಿತು. ಹೊರಗಿನವರ ಹಣವಿಲ್ಲದೆ, ಗಿರಾಕಿಯಿಂದ ಬಂದದ್ದನ್ನೇ ಮತ್ತೆ ತೊಡಗಿಸುತ್ತಾ ಬೆಳೆಯುವ ಈ ದಾರಿಗೆ ಬೂಟ್‌ಸ್ಟ್ರ್ಯಾಪಿಂಗ್ ಎನ್ನುತ್ತಾರೆ. 2010ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಜೆರೋಧಾ ಹೊರಗಿನ ಹೂಡಿಕೆದಾರರಿಗೆ ಪಾಲು ಮಾರದೆಯೇ ಬೆಳೆದದ್ದು ಎಲ್ಲರೂ ಕೊಡುವ ಉದಾಹರಣೆ. ಆದರೆ ಷೇರು ದಲ್ಲಾಳಿ ಸಂಸ್ಥೆಗೆ ಶುಲ್ಕ ದಿನದಿನವೂ ಬರುತ್ತದೆ. ಅದನ್ನು ವರ್ಷಕ್ಕೊಮ್ಮೆ ಹಣ ಕಾಣುವ ಶೆಡ್ಡಿನ ವ್ಯಾಪಾರಕ್ಕೆ ಹಾಗೆಯೇ ಅನ್ವಯಿಸುವುದು ತಪ್ಪು. ನಾಲ್ಕು ಲಕ್ಷಕ್ಕೆ ಮರುವರ್ಷ ಅರವತ್ತಾರು ಸಾಧನಗಳು ಮಾತ್ರ ಆಗುತ್ತವೆ, ಅದೂ ಇಬ್ಬರೂ ಒಂದು ರೂಪಾಯಿ ಸಂಬಳ ತೆಗೆದುಕೊಳ್ಳದಿದ್ದರೆ.

ಇಲ್ಲಿ ಕೆಲಸಕ್ಕೆ ಬರುವುದು ಹೊಸ ಹೂಡಿಕೆದಾರನಲ್ಲ, ಮುಂಗಡ. ಅಕ್ಟೋಬರಿನಲ್ಲಿ ದ್ರಾಕ್ಷಿಯ ಚಾಟಣಿ ನಡೆಯುವಾಗಲೇ ಪ್ರತಿ ಸಾಧನಕ್ಕೆ ಮೂರು ಸಾವಿರ ಬುಕಿಂಗ್ ಹಣ ಪಡೆದರೆ, ಗೆಳೆಯರು ಒಂದೊಂದಕ್ಕೆ ತಮ್ಮ ಕೈಯಿಂದ ಹಾಕಬೇಕಾದದ್ದು ಮೂರು ಸಾವಿರವಷ್ಟೇ. ಅದೇ ನಾಲ್ಕು ಲಕ್ಷದಲ್ಲಿ ನೂರ ಮೂವತ್ತಮೂರು ಸಾಧನಗಳು ಆಗುತ್ತವೆ. ಯಾರಿಗೂ ಪಾಲು ಕೊಡದೆ ವ್ಯಾಪಾರ ಎರಡು ಪಟ್ಟಾಯಿತು. ಮುಂಗಡ ಕೊಡಲು ರೈತರು ಒಪ್ಪುತ್ತಾರೋ ಇಲ್ಲವೋ ಎಂಬುದು ಸಾಧನ ನಿಜಕ್ಕೂ ಬೇಕಾಗಿದೆಯೇ ಎಂಬುದರ ಪರೀಕ್ಷೆಯೂ ಹೌದು. ಒಂದು ಎಚ್ಚರ ಮಾತ್ರ ಬೇಕು. ಉದ್ಯಮ ಕಂಪನಿಯಾಗಿ ನೋಂದಣಿಯಾಗಿದ್ದರೆ, ಸರಕಿಗಾಗಿ ಪಡೆದ ಮುಂಗಡವನ್ನು 365 ದಿನಗಳೊಳಗೆ ಆ ಸರಕಿಗೆ ಹೊಂದಿಸಿಕೊಳ್ಳಬೇಕು. ತಪ್ಪಿದರೆ 2014ರ ಠೇವಣಿ ನಿಯಮಗಳ ಪ್ರಕಾರ ಅದು ಸಾರ್ವಜನಿಕ ಠೇವಣಿಯ ಲೆಕ್ಕಕ್ಕೆ ಸೇರುತ್ತದೆ. ಹಂಗಾಮು ತಪ್ಪಿಸಿಕೊಂಡ ತಯಾರಕನಿಗೆ ಮುಂದಿನ ಹಂಗಾಮು ಸರಿಯಾಗಿ ಒಂದು ವರ್ಷದ ಆಚೆ ಇರುವುದರಿಂದ ಈ ಗಡುವು ಇಲ್ಲಿ ಬರೀ ಕಾಗದದ ಮಾತಲ್ಲ.

ಬುಕಿಂಗ್ ಹಣವೂ ಸಾಲದೆ ನವೆಂಬರಿನಿಂದ ಜನವರಿಯವರೆಗೆ ಎರಡು ಮೂರು ಲಕ್ಷ ಕಡಿಮೆ ಬಿದ್ದರೆ ಅದು ಬ್ಯಾಂಕಿನ ಇಲ್ಲವೇ ಪತ್ತಿನ ಸಹಕಾರಿ ಸಂಘದ ಕೆಲಸ. ಮರಳಿ ಬರುವ ದಿನ ಗೊತ್ತಿರುವ ಹಣಕ್ಕಾಗಿ ಎಂದೆಂದಿಗೂ ಮರಳದ ಪಾಲನ್ನು ಮಾರುವುದು ಹೊಸ ಉದ್ಯಮಿಗಳು ಮಾಡುವ ದುಬಾರಿ ತಪ್ಪುಗಳಲ್ಲಿ ಒಂದು. ಬಡ್ಡಿ ಕಣ್ಣಿಗೆ ಕಾಣುತ್ತದೆ, ಪಾಲಿನ ಬೆಲೆ ಕಾಣುವುದಿಲ್ಲ, ಆದ್ದರಿಂದ ಪಾಲೇ ಅಗ್ಗವೆಂದು ತೋರುತ್ತದೆ.

ಏಂಜೆಲ್ ಹೂಡಿಕೆದಾರನ ಸರದಿ ಬರುವುದು ಬೇರೆ ಬಗೆಯ ಅಗತ್ಯಕ್ಕೆ. ತೇವಾಂಶ ಏರಿದಾಗ ಎಚ್ಚರಿಸುವುದಷ್ಟೇ ಅಲ್ಲದೆ, ಶೆಡ್ಡಿನ ಫ್ಯಾನು ಮತ್ತು ಪರದೆಗಳನ್ನು ತಾನೇ ನಿಯಂತ್ರಿಸುವ ಸಾಧನವನ್ನು ಗೆಳೆಯರು ಮಾಡಬೇಕೆಂದಿದ್ದಾರೆ. ಅದಕ್ಕೆ ಹದಿನೆಂಟು ತಿಂಗಳು ಮತ್ತು ಮೂವತ್ತು ಲಕ್ಷ ಬೇಕು, ಫಲ ಸಿಗುತ್ತದೆಯೆಂಬ ಖಾತ್ರಿ ಇಲ್ಲ. ಕಂತು ಕಟ್ಟುವ ಹಣದಲ್ಲಿ ಇಂಥ ಪ್ರಯೋಗ ಮಾಡುವಂತಿಲ್ಲ. ಹಂಗಾಮು ವರ್ಷಕ್ಕೊಂದೇ ಆದ್ದರಿಂದ ಹದಿನೆಂಟು ತಿಂಗಳಲ್ಲಿ ಸಾಧನವನ್ನು ಶೆಡ್ಡಿನಲ್ಲಿಟ್ಟು ನೋಡುವ ಅವಕಾಶ ಒಮ್ಮೆ, ಹೆಚ್ಚೆಂದರೆ ಎರಡು ಸಲ ಸಿಗುತ್ತದೆ. ಈ ಸಂಗತಿಯನ್ನು ಹೂಡಿಕೆದಾರನಿಗೆ ಮೊದಲೇ ಹೇಳದಿದ್ದರೆ ಆರು ತಿಂಗಳಿಗೇ ಜಗಳ ಶುರುವಾಗುತ್ತದೆ. ಸ್ವಂತ ಹಣವನ್ನು ಹಾಕುವ, ಆ ಕ್ಷೇತ್ರವನ್ನು ಬಲ್ಲ ವ್ಯಕ್ತಿ ಇಲ್ಲಿ ಹೊಂದುತ್ತಾನೆ. ಕೋಲ್ಡ್ ಸ್ಟೋರೇಜ್ ನಡೆಸಿ ಬಲ್ಲವರೋ, ಬೆಳಗಾವಿಯಲ್ಲಿ ಯಂತ್ರಭಾಗಗಳ ಕಾರ್ಖಾನೆ ಕಟ್ಟಿದವರೋ ಆದರೆ ಅವರ ಪರಿಚಯಗಳೂ ಹಣದಷ್ಟೇ ಉಪಯೋಗಕ್ಕೆ ಬರುತ್ತವೆ. ಕಂಪನಿಯ ಬೆಲೆ 1.7 ಕೋಟಿ ಎಂದು ಒಪ್ಪಿ ಅವರು ಮೂವತ್ತು ಲಕ್ಷ ಹಾಕಿದರೆ, ಹಣ ಸೇರಿದ ಮೇಲಿನ ಬೆಲೆ ಎರಡು ಕೋಟಿ, ಅವರ ಪಾಲು ಶೇಕಡಾ 15.

ನಮ್ಮ ಕಡೆ ಏಂಜೆಲ್ ಎಂದರೆ ಬಹಳ ಸಲ ಸ್ವಂತ ಕಾಕಾನೇ. ಊಟದ ಹೊತ್ತಿನಲ್ಲಿ "ಹತ್ತು ಪರ್ಸೆಂಟ್ ನಂದು" ಎಂದು ಹೇಳಿ ನಗದು ಕೊಟ್ಟುಬಿಡುತ್ತಾರೆ. ಪ್ರೈವೇಟ್ ಲಿಮಿಟೆಡ್ ಕಂಪನಿ ಹೀಗೆ ಹಣ ಪಡೆಯುವಂತಿಲ್ಲ. 2013ರ ಕಂಪನಿ ಕಾಯ್ದೆಯ 42ನೇ ಕಲಮಿನಂತೆ ಹೆಸರು ಹಾಕಿದ ಆಹ್ವಾನಪತ್ರ ಕೊಡಬೇಕು, ಹಣ ಬ್ಯಾಂಕಿನ ಮೂಲಕವೇ ಬರಬೇಕು, ಅರವತ್ತು ದಿನಗಳಲ್ಲಿ ಷೇರು ಹಂಚಬೇಕು. ಹಂಚದಿದ್ದರೆ ಮುಂದಿನ ಹದಿನೈದು ದಿನಗಳಲ್ಲಿ ಹಣ ಹಿಂದಿರುಗಿಸಬೇಕು, ಅದೂ ತಪ್ಪಿದರೆ ಶೇಕಡಾ 12 ಬಡ್ಡಿ ಸೇರುತ್ತದೆ. ಮೂರು ವರ್ಷದ ನಂತರ ದೊಡ್ಡ ಹೂಡಿಕೆದಾರನ ವಕೀಲರು ಷೇರುದಾರರ ಪಟ್ಟಿ ಕೇಳಿದಾಗ ಕಾಕಾನ ಹತ್ತು ಪರ್ಸೆಂಟ್ ಯಾವ ಕಾಗದದಲ್ಲೂ ಸಿಗುವುದಿಲ್ಲ, ಕಾಕಾ ಮಾತ್ರ ಎದುರಿಗೇ ಕೂತಿರುತ್ತಾರೆ. ಇಂಥ ಹೂಡಿಕೆಯ ಮೇಲೆ ಬೀಳುತ್ತಿದ್ದ ಏಂಜೆಲ್ ತೆರಿಗೆಯನ್ನು 2024ರ ಬಜೆಟ್ ರದ್ದುಪಡಿಸಿದ್ದರಿಂದ ಒಂದು ತಲೆನೋವು ಕಡಿಮೆಯಾಗಿದೆ, ಕಾಗದಪತ್ರದ ಹೊಣೆ ಹಾಗೆಯೇ ಉಳಿದಿದೆ.

ಕ್ರೌಡ್‌ಫಂಡಿಂಗ್, ಅಂದರೆ ಜಾಲತಾಣದ ಮೂಲಕ ನೂರಾರು ಜನರಿಂದ ಸಣ್ಣ ಮೊತ್ತ ಕೂಡಿಸುವುದು, ಭಿಶಿಯನ್ನೂ ಸಕ್ಕರೆ ಕಾರ್ಖಾನೆಯ ಸದಸ್ಯ ಷೇರನ್ನೂ ಕಂಡ ನಮಗೆ ಹೊಸದೆನಿಸುವುದಿಲ್ಲ. ಆದರೆ ಪ್ರೈವೇಟ್ ಕಂಪನಿಯೊಂದು ತನ್ನ ಷೇರನ್ನು ಹೀಗೆ ಸಾರ್ವಜನಿಕವಾಗಿ ಮಾರಲು ಭಾರತದಲ್ಲಿ ಅವಕಾಶವಿಲ್ಲ. ಖಾಸಗಿ ಹಂಚಿಕೆಯ ಆಹ್ವಾನಕ್ಕೆ ಆರ್ಥಿಕ ವರ್ಷವೊಂದರಲ್ಲಿ ಇನ್ನೂರು ಜನರ ಮಿತಿ ಇದೆ. ಉಳಿಯುವುದು ದೇಣಿಗೆ ಮತ್ತು ಮುಂಗಡ ಮಾರಾಟ. ಮುಂಗಡ ಮಾರಾಟಕ್ಕೆ ಹೇಳುವ ಹಳೆಯ ಉದಾಹರಣೆ ಪೆಬಲ್ ಕೈಗಡಿಯಾರದ್ದು. 2012ರಲ್ಲಿ ಅದು ಕಿಕ್‌ಸ್ಟಾರ್ಟರ್‌ನಲ್ಲಿ ಒಂದು ಲಕ್ಷ ಡಾಲರ್ ಕೇಳಿ ಒಂದು ಕೋಟಿ ಡಾಲರಿಗೂ ಹೆಚ್ಚು ಪಡೆಯಿತು, ಆದರೆ ಅಷ್ಟು ಗಡಿಯಾರ ತಯಾರಿಸುವುದು ಹೇಳಿದ ಸಮಯಕ್ಕೆ ಆಗಲಿಲ್ಲ. ಮಾದರಿ ಸಿದ್ಧವಿರುವ, ಚಿತ್ರ ನೋಡಿದರೇ ಅರ್ಥವಾಗುವ, ಮನೆಬಳಕೆಯ ವಸ್ತುವಿಗೆ ಈ ದಾರಿ ಸರಿ. ಗುಳೇದಗುಡ್ಡದ ಖಣದಲ್ಲಿ ಚೀಲ ಹೊಲಿದು ಮಾರುವವರಿಗೆ ಇದು ಒಗ್ಗಬಹುದು. ಶೆಡ್ಡಿನ ಸಾಧನವನ್ನು ಕೊಳ್ಳುವವರು ತಿಕೋಟಾದ ಚಹಾ ಅಂಗಡಿಯಲ್ಲಿ ಸಿಗುತ್ತಾರೆ, ಅವರ ಬುಕಿಂಗ್ ಹಣವೇ ಇವರ ಕ್ರೌಡ್‌ಫಂಡಿಂಗ್.

ವೆಂಚರ್ ಕ್ಯಾಪಿಟಲ್‌ನ ಲೆಕ್ಕವನ್ನು ಸಂಸ್ಥೆಯ ಒಳಗಿನಿಂದ ನೋಡಬೇಕು. ಅಲ್ಲಿನವರು ಹಾಕುವುದು ಸ್ವಂತ ಹಣವಲ್ಲ. ಬೇರೆಯವರಿಂದ ಹಣ ಕೂಡಿಸಿ, ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸಿನಲ್ಲಿ ಬೆಳೆಸಿ ಹಿಂದಿರುಗಿಸುತ್ತೇವೆ ಎಂದು ಮಾತು ಕೊಟ್ಟಿರುತ್ತಾರೆ. ನೂರು ಕೋಟಿಯ ನಿಧಿ ಮುನ್ನೂರು ಕೋಟಿಯಾಗಬೇಕೆನ್ನೋಣ. ಹೂಡಿದ ಕಂಪನಿಗಳಲ್ಲಿ ಹೆಚ್ಚಿನವು ಮುಳುಗುತ್ತವೆ ಅಥವಾ ಹಾಕಿದಷ್ಟನ್ನೇ ಕೊಡುತ್ತವೆ ಎಂಬುದು ಅವರಿಗೆ ಮೊದಲೇ ಗೊತ್ತಿರುವುದರಿಂದ, ಒಂದೆರಡು ಕಂಪನಿಗಳೇ ಇಡೀ ನಿಧಿಯನ್ನು ಎತ್ತಬೇಕು. ನಮ್ಮ ಗೆಳೆಯರ ಕಂಪನಿ ಐವತ್ತು ಕೋಟಿಗೆ ಮಾರಾಟವಾದರೆ ವಿಜಯಪುರದಲ್ಲಿ ಅದು ದೊಡ್ಡ ಸುದ್ದಿ. ಶೇಕಡಾ 20 ಪಾಲಿರುವ ನಿಧಿಗೆ ಅದರಿಂದ ಬರುವುದು ಹತ್ತು ಕೋಟಿ, ಬೇಕಾದ ಮುನ್ನೂರರಲ್ಲಿ ಒಂದು ಚೂರು. ಆದ್ದರಿಂದ ಮಣೂಕಕ್ಕೆ ಮಾತ್ರ ಸೀಮಿತವಾದ ಸಾಧನ ಎಷ್ಟೇ ಚೆನ್ನಾಗಿದ್ದರೂ ಅವರು ಒಲ್ಲೆನ್ನುತ್ತಾರೆ. ಅದೇ ತಂತ್ರ ಮೆಣಸಿನಕಾಯಿ, ಅರಿಶಿನ ಮತ್ತು ಹೊರರಾಜ್ಯಗಳ ಬೆಳೆಗಳಿಗೂ ಹೊಂದಿ, ಬೇಗ ಹರಡುವಂತಿದ್ದರೆ ಕೇಳುತ್ತಾರೆ.

ಕೇಳಿದರೆಂದೇ ಇಟ್ಟುಕೊಳ್ಳೋಣ. ಹನ್ನೆರಡು ಕೋಟಿ ಬೆಲೆ ಕಟ್ಟಿ ನಾಲ್ಕು ಕೋಟಿ ಹಾಕಿದರು, ಪಾಲು ಶೇಕಡಾ 25. ನೌಕರರಿಗಾಗಿ ಶೇಕಡಾ 10 ತೆಗೆದಿರಿಸಬೇಕೆಂದರು. ಉಳಿದ 65ರಲ್ಲಿ ಏಂಜೆಲ್‌ಗೆ 9.75, ಗೆಳೆಯರಿಬ್ಬರಿಗೂ ಸೇರಿ 55.25. ಅರ್ಧಕ್ಕಿಂತ ಹೆಚ್ಚು ನಮ್ಮದೇ ಎಂದು ಅವರು ನಿರಾಳವಾಗುತ್ತಾರೆ. ಆದರೆ ಈ ಹಣ ಸಾಮಾನ್ಯವಾಗಿ ಬರುವುದು ಪ್ರಾಶಸ್ತ್ಯ ಷೇರಿನ ರೂಪದಲ್ಲಿ, ಮತ್ತು ಅದರ ಒಪ್ಪಂದದಲ್ಲಿ ಕಂಪನಿ ಮಾರಾಟವಾದರೆ ಹಾಕಿದ ಮೊತ್ತ ಮೊದಲು ತಮಗೇ ಬರಬೇಕೆಂಬ ಒಂದು ಕಲಮು ಇರುತ್ತದೆ.

ಎರಡು ಹಂಗಾಮು ಕೈಕೊಟ್ಟು ಕಂಪನಿ ಹತ್ತು ಕೋಟಿಗೆ ಮಾರಾಟವಾಯಿತೆನ್ನಿ. ಶೇಕಡಾ 25ರಂತೆ ನಿಧಿಗೆ ಎರಡೂವರೆ ಕೋಟಿ ಬರಬೇಕಿತ್ತು, ಅವರು ಕಲಮಿನಂತೆ ನಾಲ್ಕು ಕೋಟಿಯನ್ನೇ ಆರಿಸಿಕೊಳ್ಳುತ್ತಾರೆ. ಉಳಿದ ಆರು ಕೋಟಿ ಮಿಕ್ಕವರಲ್ಲಿ ಹಂಚಿಹೋಗಿ ಗೆಳೆಯರಿಗೆ ಸುಮಾರು 4.42 ಕೋಟಿ ಸಿಗುತ್ತದೆ. ಇದು ಸೌಮ್ಯವಾದ ರೂಪ. ಒಪ್ಪಂದದಲ್ಲಿ "ಪಾರ್ಟಿಸಿಪೇಟಿಂಗ್" ಎಂಬ ಒಂದೇ ಪದ ಸೇರಿದ್ದರೆ, ನಿಧಿ ನಾಲ್ಕು ಕೋಟಿಯನ್ನೂ ತೆಗೆದುಕೊಂಡು, ಉಳಿದ ಆರು ಕೋಟಿಯಲ್ಲಿ ಮತ್ತೆ ಕಾಲು ಭಾಗಕ್ಕೂ ಕೈಹಾಕುತ್ತದೆ. ಆಗ ಅವರಿಗೆ 5.5 ಕೋಟಿ, ಗೆಳೆಯರಿಗೆ 3.32 ಕೋಟಿಯ ಹತ್ತಿರ. ಪಾಲು ಬದಲಾಗಲಿಲ್ಲ, ಮಾರಾಟದ ಬೆಲೆ ಬದಲಾಗಲಿಲ್ಲ, ಒಂದು ಪದಕ್ಕೆ ಒಂದು ಕೋಟಿಗೂ ಮಿಗಿಲಾದ ಹಣ ಕೈಬಿಟ್ಟಿತು.

ಸೌಮ್ಯ ರೂಪದಲ್ಲಿ ಕಂಪನಿ ಹದಿನಾರು ಕೋಟಿ ದಾಟಿ ಮಾರಾಟವಾದಾಗ ಮಾತ್ರ ನಿಧಿ ತನ್ನ ಷೇರುಗಳನ್ನು ಸಾಮಾನ್ಯ ಷೇರಾಗಿ ಬದಲಿಸಿಕೊಳ್ಳುತ್ತದೆ, ಏಕೆಂದರೆ ಕಾಲು ಭಾಗ ನಾಲ್ಕು ಕೋಟಿಯಾಗುವುದು ಅಲ್ಲಿಯೇ. ಅದಕ್ಕಿಂತ ಕೆಳಗೆ 55.25 ಎಂಬ ಅಂಕಿ ಗೆಳೆಯರ ಕೈಗೆ ಬರುವ ಹಣದ ಅಳತೆಯಲ್ಲ. ಹೂಡಿಕೆದಾರರು ಕಟ್ಟಿದ ಬೆಲೆ ದೊಡ್ಡದಾದಷ್ಟೂ ಈ ಗೆರೆ ಮೇಲಕ್ಕೇರುತ್ತದೆ. ಹನ್ನೆರಡು ಕೋಟಿಯ ಬದಲು ಇಪ್ಪತ್ತು ಕೋಟಿ ಬೆಲೆ ಕಟ್ಟಿಸಿಕೊಂಡಿದ್ದರೆ ಪಾಲೇನೋ ಹೆಚ್ಚು ಉಳಿಯುತ್ತಿತ್ತು, ಆದರೆ ಆ ಗೆರೆ ಇಪ್ಪತ್ನಾಲ್ಕು ಕೋಟಿಗೆ ಹೋಗುತ್ತಿತ್ತು. ಒಪ್ಪಂದದ ಕರಡು ಕೈಗೆ ಬಂದ ದಿನ ಮೊದಲ ಪುಟದ ಬೆಲೆಯನ್ನು ಬದಿಗಿಟ್ಟು, ಐದು, ಹತ್ತು, ಹದಿನಾರು ಮತ್ತು ನಲವತ್ತು ಕೋಟಿಯ ಮಾರಾಟಗಳಿಗೆ ಯಾರ ಕೈಗೆ ಎಷ್ಟು ಬರುತ್ತದೆಂದು ಒಂದು ಹಾಳೆಯಲ್ಲಿ ಬರೆದು ನೋಡಬೇಕು. ನಮ್ಮ ಗೆಳೆಯರ ಹಾಳೆಯಲ್ಲಿ ಐದು ಕೋಟಿಯ ಸಾಲಿನ ಎದುರು, ಸೌಮ್ಯ ರೂಪದಲ್ಲಿಯೇ, ಇಬ್ಬರಿಗೂ ಸೇರಿ ಎಪ್ಪತ್ನಾಲ್ಕು ಲಕ್ಷಕ್ಕಿಂತ ತುಸು ಕಡಿಮೆ ಬರುತ್ತದೆ.