ಮಂಚದಿಂದ ಬಚ್ಚಲಿನವರೆಗೆ: ಒಂಟಿ ಹಿರಿಯರ ಮನೆಯಲ್ಲಿ ಮೊದಲು ಸರಿಪಡಿಸಬೇಕಾದ ದಾರಿ

ಮಕ್ಕಳು ಬೆಂಗಳೂರಿನಲ್ಲಿ, ವಯಸ್ಸಾದ ತಾಯಿ ಊರಿನಲ್ಲಿ. ಕೋಲಾರದ ಕಡೆ ಇಂಥ ಮನೆಗಳು ಬೀದಿಗೆ ನಾಲ್ಕಾರು ಸಿಗುತ್ತವೆ. ತಾಯಿಗೆ ಮಕ್ಕಳು ಮೊದಲು ಕೊಡಿಸುವುದು ಒಂದು ಫೋನು, ಆಮೇಲೆ ಒಂದು ಕ್ಯಾಮೆರಾ. ಆದರೆ ಆಕೆ ಇನ್ನಷ್ಟು ವರ್ಷ ಅದೇ ಮನೆಯಲ್ಲಿ, ತನ್ನ ಕೆಲಸ ತಾನೇ ಮಾಡಿಕೊಂಡು ಇರಬಲ್ಲರೇ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಬೇರೆಯೇ ಒಂದು ಸಂಗತಿ: ರಾತ್ರಿ ಎರಡು ಗಂಟೆಗೆ ಮಂಚದಿಂದ ಎದ್ದು ಬಚ್ಚಲಿಗೆ ಹೋಗಿ ಬರುವ ದಾರಿ. ಆ ದಾರಿಯಲ್ಲಿ ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದರೆ, ಆಪರೇಷನ್ ಚೆನ್ನಾಗಿ ಆದರೂ ಮೊದಲಿನ ನಡಿಗೆ ಮರಳಿ ಬಾರದವರೇ ಬಹಳ ಮಂದಿ.

ಒಂದು ಮನೆಯನ್ನು ಎದುರಿಗೆ ಇಟ್ಟುಕೊಂಡು ನೋಡೋಣ. ಮುಳಬಾಗಿಲು ತಾಲ್ಲೂಕಿನ ಹಳ್ಳಿ, ಹಳೆಯ ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿದ ಮನೆ. ಅಜ್ಜಿಗೆ 76 ವರ್ಷ, ಮಂಡಿನೋವು, ಬಿಪಿ ಮಾತ್ರೆ. ನಡುಮನೆಯಲ್ಲಿ ಹಗ್ಗದ ಮಂಚ. ಅಲ್ಲಿಂದ ಅಡುಗೆಮನೆಯ ಹೊಸ್ತಿಲು, ಹಿಂಬಾಗಿಲ ಹೊಸ್ತಿಲು, ಆಮೇಲೆ ಹಿತ್ತಿಲಿಗೆ ಇಳಿಯುವ 20 ಸೆಂಟಿಮೀಟರಿನ ಒಂದು ಮೆಟ್ಟಿಲು. ನಾಲ್ಕು ಹೆಜ್ಜೆ ಚಪ್ಪಡಿ ಕಲ್ಲಿನ ಮೇಲೆ ನಡೆದರೆ ಟೈಲ್ಸ್ ಹಾಕಿದ ಬಚ್ಚಲು, ಅದರೊಳಗೆ ಕುಕ್ಕರುಗಾಲಿನಲ್ಲಿ ಕೂರುವ ಪಾಯಿಖಾನೆ.

ಮೊದಲ ಅಪಾಯ ಮಂಚದ ಹತ್ತಿರವೇ ಇದೆ. ಮಲಗಿದ್ದವರು ತಟ್ಟನೆ ಎದ್ದಾಗ ರಕ್ತ ಕಾಲಿನತ್ತ ಇಳಿಯುತ್ತದೆ. ಪ್ರಾಯದವರಲ್ಲಿ ರಕ್ತನಾಳಗಳು ಕ್ಷಣದಲ್ಲಿ ಬಿಗಿದುಕೊಂಡು ಒತ್ತಡವನ್ನು ಕಾಪಾಡುತ್ತವೆ. ವಯಸ್ಸಾದಂತೆ ಆ ಚುರುಕು ಕಡಿಮೆಯಾಗುತ್ತದೆ, ಕೆಲವು ಬಿಪಿ ಮಾತ್ರೆಗಳು, ಗಂಡಸರು ಪ್ರಾಸ್ಟೇಟ್‌ಗೆ ನುಂಗುವ ಟ್ಯಾಮ್ಸುಲೋಸಿನ್‌ನಂಥವು ಅದನ್ನು ಇನ್ನಷ್ಟು ಕುಗ್ಗಿಸುತ್ತವೆ. ಕಣ್ಣು ಕತ್ತಲೆ ಬರುವುದು ಅದರಿಂದಲೇ. ಇದನ್ನು ಮನೆಯಲ್ಲೇ ಪತ್ತೆ ಹಚ್ಚಬಹುದು. ಐದು ನಿಮಿಷ ಮಲಗಿಸಿ ಬಿಪಿ ನೋಡಿ. ಎದ್ದು ನಿಂತ ಒಂದು ನಿಮಿಷಕ್ಕೆ, ಮತ್ತೆ ಮೂರು ನಿಮಿಷಕ್ಕೆ ನೋಡಿ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10ರಷ್ಟು ಇಳಿದರೆ ವೈದ್ಯರಿಗೆ ತಿಳಿಸಲೇಬೇಕು. ಮಾತ್ರೆಯ ಪ್ರಮಾಣವನ್ನೋ ಹೊತ್ತನ್ನೋ ಅವರು ಬದಲಿಸುತ್ತಾರೆ. ನಾವಾಗಿ ಮಾತ್ರೆ ನಿಲ್ಲಿಸಬಾರದು. 2024ರಲ್ಲಿ ಪ್ರಾಯೋಗಿಕವಾಗಿ ಕೋಲಾರ ಜಿಲ್ಲೆಯಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆಗೇ ಬಂದು ಬಿಪಿ, ಸಕ್ಕರೆ ನೋಡುತ್ತಾರೆ. ಸಾಮಾನ್ಯವಾಗಿ ಕೂರಿಸಿ ನೋಡಿ ಬರೆದುಕೊಳ್ಳುವುದು ರೂಢಿ. ‘ನಿಲ್ಲಿಸಿಯೂ ಒಂದು ಸಲ ನೋಡಿ ತಾಯಿ’ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ರಾತ್ರಿ ಏಳುವುದನ್ನೇ ಕಡಿಮೆ ಮಾಡಲೂ ಸಾಧ್ಯ. ಹಗಲೆಲ್ಲ ಕಾಲು ಇಳಿಬಿಟ್ಟು ಕೂತವರ ಪಾದದಲ್ಲಿ ನೀರು ಇಳಿದಿರುತ್ತದೆ. ಮಲಗಿದ ಮೇಲೆ ಅದು ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಸಂಜೆ ಪಾದ ಊದುವವರು ಮಧ್ಯಾಹ್ನದ ಮೇಲೆ ಒಂದು ಗಂಟೆ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಮಲಗಿದರೆ ಆ ನೀರು ಹಗಲಿನಲ್ಲೇ ಹೊರಹೋಗುತ್ತದೆ. ಊತ ಹೊಸದಾಗಿ ಬಂದಿದ್ದರೆ, ಜೊತೆಗೆ ಉಬ್ಬಸವಿದ್ದರೆ, ಅದು ಹೃದಯದ್ದೋ ಮೂತ್ರಪಿಂಡದ್ದೋ ತೊಂದರೆ ಇರಬಹುದು. ಆಗ ಮೊದಲು ಡಾಕ್ಟರು.

ಹಗ್ಗದ ಮಂಚ ನಡುವೆ ಜೋತು ಬಿದ್ದಿರುತ್ತದೆ. ಅದರಲ್ಲಿ ಕೂತರೆ ಸೊಂಟ ಮಂಡಿಗಿಂತ ಕೆಳಗೆ ಹೋಗುತ್ತದೆ. ಅಲ್ಲಿಂದ ಏಳಲು ತೊಡೆಯ ಬಲ ಸಾಲದೆ ಮುಗ್ಗರಿಸುತ್ತಾರೆ. ಅಂಚಿನಲ್ಲಿ ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು, ಮಂಡಿಗಿಂತ ಸೊಂಟ ಒಂದಿಷ್ಟು ಮೇಲಿರಬೇಕು. ಹೆಚ್ಚಿನ ಹೆಂಗಸರಿಗೆ ಇದು ಹಾಸಿಗೆ ಸೇರಿ 42ರಿಂದ 45 ಸೆಂಟಿಮೀಟರ್. ಹಲಗೆಯ ಮಂಚವಾದರೆ ಕಾಲಿನಡಿ ಕುಳಿಯಿರುವ ಮರದ ದಿಮ್ಮಿ ಕೊಟ್ಟು ಎತ್ತರಿಸಬಹುದು. ಬರಿ ಇಟ್ಟಿಗೆ ಇಟ್ಟರೆ ಒಂದು ದಿನ ಜಾರುತ್ತದೆ. ಎದ್ದು ಅಂಚಿನಲ್ಲಿ ಕೂತು ಒಂದು ನಿಮಿಷ ಪಾದಗಳನ್ನು ಮೇಲೆ ಕೆಳಗೆ ಆಡಿಸಿ, ಆಮೇಲೆ ನಿಲ್ಲುವುದು ಅಭ್ಯಾಸವಾಗಬೇಕು.

ಇನ್ನು ಬೆಳಕು. ಅರವತ್ತು ದಾಟಿದ ಕಣ್ಣಿನ ಒಳಪದರಕ್ಕೆ ತಲುಪುವ ಬೆಳಕು ಇಪ್ಪತ್ತರ ಪ್ರಾಯದ ಕಣ್ಣಿಗೆ ಸಿಗುವುದರ ಸುಮಾರು ಮೂರನೇ ಒಂದು ಭಾಗ. ಹಾಗಂತ ಟ್ಯೂಬ್‌ಲೈಟ್ ಹಾಕಿದರೆ ಕತ್ತಲಿಗೆ ಹೊಂದಿದ್ದ ಕಣ್ಣು ಕೋರೈಸುತ್ತದೆ, ಆರಿಸಿ ಹೊರಟಾಗ ಏನೂ ಕಾಣುವುದಿಲ್ಲ. ಬೇಕಾದದ್ದು ಹಳದಿ ಬೆಳಕಿನ ಪುಟ್ಟ ಎಲ್‌ಇಡಿ, ಮೊಣಕಾಲಿಗಿಂತ ಕೆಳಗೆ. ಬೆಳಕು ಪಕ್ಕದಿಂದ ಬಿದ್ದಾಗ ಹೊಸ್ತಿಲಿನ ನೆರಳು ಎದ್ದು ಕಾಣುತ್ತದೆ. ಮೇಲಿನಿಂದ ಬಿದ್ದರೆ ನೆಲವೂ ಹೊಸ್ತಿಲೂ ಒಂದೇ ಮಟ್ಟದಂತೆ ಕಾಣುತ್ತವೆ. ಕರೆಂಟು ಹೋಗುವ ಊರಿನಲ್ಲಿ ಬ್ಯಾಟರಿಯ, ಮನುಷ್ಯ ಓಡಾಡಿದಾಗ ತಾನೇ ಹತ್ತುವ ದೀಪವೇ ಸರಿ. ಒಂದನ್ನು ಮಂಚದ ಕಾಲಿಗೆ, ಒಂದೊಂದನ್ನು ಎರಡು ಹೊಸ್ತಿಲಿಗೆ, ಒಂದನ್ನು ಮಳೆ ತಾಗದಂತೆ ಬಚ್ಚಲ ಬಾಗಿಲಿಗೆ.

ಈ ಭಾಗದಲ್ಲಿ ಇನ್ನೊಂದು ಸಂಗತಿಯನ್ನು ಮರೆಯುವಂತಿಲ್ಲ. ಮುಳಬಾಗಿಲು, ಬಾಗೇಪಲ್ಲಿ, ಪಾವಗಡದ ಕಡೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಜಾಸ್ತಿ. ಅದನ್ನು ದಶಕಗಟ್ಟಲೆ ಕುಡಿದವರಲ್ಲಿ ಬೆನ್ನುಮೂಳೆ, ಕುತ್ತಿಗೆ, ಕೀಲುಗಳು ಬಿಗಿಯುತ್ತವೆ. ಕುತ್ತಿಗೆ ಬಗ್ಗದವರಿಗೆ ತಮ್ಮ ಪಾದದ ಬುಡ ಕಾಣುವುದಿಲ್ಲ. ಆದ್ದರಿಂದ ಮೆಟ್ಟಿಲಿನ ಅಂಚಿಗೆ ಐದು ಸೆಂಟಿಮೀಟರ್ ಅಗಲದ ಹಳದಿ ಪಟ್ಟಿ ಬಳಿಯಬೇಕು, ಎರಡು ಹೆಜ್ಜೆ ದೂರದಿಂದಲೇ ಕಾಣುವಂತೆ. ಹಳೆ ಸೀರೆಯ ಕಾಲೊರಸನ್ನು ಹೊಸ್ತಿಲ ಬಳಿಯಿಂದ ತೆಗೆದುಬಿಡಬೇಕು.

ಹೊಸ್ತಿಲನ್ನು ಒಡೆಸುವ ಮಾತಿಗೆ ಅಜ್ಜಿ ಒಪ್ಪುವುದಿಲ್ಲ, ಒಪ್ಪಿಸಬೇಕಾಗಿಯೂ ಇಲ್ಲ. ಅರಿಸಿನ ಕುಂಕುಮ ಕಾಣುವ ಹೊಸ್ತಿಲು ಹಾಗೆಯೇ ಇರಲಿ, ಪಕ್ಕದ ಬಾಗಿಲ ಚೌಕಟ್ಟಿಗೆ ನೆಟ್ಟಗೆ ಒಂದು ಹಿಡಿಕೆ ಬರಲಿ. ಹಿತ್ತಿಲ ಮೆಟ್ಟಿಲಿಗೆ ಇಳಿಜಾರು ಮಾಡಿಸೋಣ ಎಂದು ಗಾರೆಯವರು ಹೇಳುತ್ತಾರೆ. ಒಂದಕ್ಕೆ ಹನ್ನೆರಡರ ಲೆಕ್ಕದಲ್ಲಿ 20 ಸೆಂಟಿಮೀಟರ್ ಎತ್ತರಕ್ಕೆ 240 ಸೆಂಟಿಮೀಟರ್ ಉದ್ದದ ಇಳಿಜಾರು ಬೇಕು. ಜಾಗವಿಲ್ಲವೆಂದು ಒಂದು ಮೀಟರಿನಲ್ಲೇ ಮುಗಿಸಿದರೆ ಅದು ಮಳೆಗಾಲದಲ್ಲಿ ಜಾರುಬಂಡೆ. ಗಾಲಿಕುರ್ಚಿ ಬಳಸದೆ ನಡೆಯುವವರಿಗೆ ಕಡಿದಾದ ಇಳಿಜಾರಿಗಿಂತ ಹತ್ತತ್ತು ಸೆಂಟಿಮೀಟರಿನ ಎರಡು ಅಗಲವಾದ ಮೆಟ್ಟಿಲು, ಪಕ್ಕದಲ್ಲಿ ಕಂಬಿ ಎಷ್ಟೋ ಮೇಲು.

ಕಂಬಿಯ ವಿಷಯದಲ್ಲೇ ಅತಿ ಹೆಚ್ಚು ಕೆಲಸ ಕೆಡುವುದು. ಟವೆಲ್ ಹಾಕುವ ರಾಡ್ ಮನುಷ್ಯರ ಭಾರಕ್ಕಲ್ಲ. ರಬ್ಬರ್ ಬಟ್ಟಲು ಅಂಟಿಸಿ ನಿಲ್ಲಿಸುವ ಹಿಡಿಕೆ ಗಾಳಿ ನುಸುಳಿದೊಡನೆ ಕೈಗೆ ಬರುತ್ತದೆ. ಮುಷ್ಟಿಯಲ್ಲಿ ಪೂರ್ತಿ ಹಿಡಿಯಲು ಕಂಬಿಯ ದಪ್ಪ 32ರಿಂದ 40 ಮಿಲಿಮೀಟರ್ ಇರಬೇಕು. ಒಂದು ಇಂಚಿನ ಜಿಐ ಪೈಪಿನ ಹೊರ ಅಳತೆ ಸುಮಾರು 34 ಮಿಲಿಮೀಟರ್, ಹಾಗಾಗಿ ತಾಲ್ಲೂಕು ಕೇಂದ್ರದ ಯಾವ ವೆಲ್ಡಿಂಗ್ ಶಾಪಿನಲ್ಲಾದರೂ ಇದನ್ನು ಮಾಡಿಸಬಹುದು. ಗೋಡೆಗೂ ಕಂಬಿಗೂ ನಡುವೆ ನಾಲ್ಕು ಸೆಂಟಿಮೀಟರ್ ಸಾಕು; ಹೆಚ್ಚು ಬಿಟ್ಟರೆ ಜಾರಿದಾಗ ಮೊಣಕೈ ಒಳಗೆ ಸಿಕ್ಕಿ ಮೂಳೆ ಮುರಿಯುತ್ತದೆ.

ಕಂಬಿ ಎಷ್ಟೇ ಗಟ್ಟಿಯಾಗಿದ್ದರೂ ಅದನ್ನು ಹಿಡಿದಿರುವುದು ಗೋಡೆ. ತೂತು ಕೊರೆಯುವಾಗ ಉದುರುವ ಪುಡಿಯನ್ನು ನೋಡಿ. ಕೆಂಪು ಪುಡಿ ಸುಟ್ಟ ಇಟ್ಟಿಗೆಯದು, ಗಟ್ಟಿ ಇಟ್ಟಿಗೆಯಾದರೆ ಸಾಧಾರಣ ಆಂಕರ್ ಬೋಲ್ಟ್ ನಿಲ್ಲುತ್ತದೆ. ಬಿಳಿ ಬೂದು ನುಣುಪು ಪುಡಿ ಬಂದು ಡ್ರಿಲ್ ಮುಂದೆ ಹೋಗಲು ಒದ್ದಾಡಿದರೆ ಅದು ನಮ್ಮ ಕಡೆಯ ಕಲ್ಲು, ಅದಕ್ಕಿಂತ ಗಟ್ಟಿ ಆಸರೆ ಇಲ್ಲ. ಸ್ವಲ್ಪ ಹೋದ ಮೇಲೆ ಡ್ರಿಲ್ ಧುಡುಮ್ಮನೆ ಒಳಗೆ ನುಗ್ಗಿದರೆ ಟೊಳ್ಳು ಸಿಮೆಂಟ್ ಬ್ಲಾಕ್. ಮೆತ್ತನೆಯ ಕಂದು ಪುಡಿ ಬಂದರೆ ಮಣ್ಣಿನ ಗೋಡೆ. ಅಲ್ಲಿ ಬೋಲ್ಟನ್ನು ಹಿಡಿದಿರುವುದು ಮೇಲಿನ ಗಿಲಾವು ಮಾತ್ರ. ನಮ್ಮ ಅಜ್ಜಿಯ ಮನೆ ಇಂಥದ್ದು. ಮಣ್ಣು ಮತ್ತು ಟೊಳ್ಳು ಗೋಡೆಗೆ ಬೋಲ್ಟ್ ಆಚೆ ಬದಿಯವರೆಗೆ ತೂರಿ, ಹೊರಗೆ ದಪ್ಪ ಕಬ್ಬಿಣದ ತಟ್ಟೆ ಕೊಟ್ಟು ನಟ್ಟು ಬಿಗಿಯಬೇಕು. ಅದೂ ಆಗದಿದ್ದರೆ ನೆಲದಲ್ಲಿ ಒಂದೂವರೆ ಅಡಿ ಗುಂಡಿ ತೋಡಿ, ಕಾಂಕ್ರೀಟ್ ಹಾಕಿ ಪೈಪನ್ನೇ ಕಂಬದಂತೆ ನಿಲ್ಲಿಸುವುದು. ಕಾಂಕ್ರೀಟನ್ನು ಒಂದು ವಾರ ನೆನೆಸಿ, ಆಮೇಲೆ ಮನೆಯ ಅತಿ ಭಾರದ ಗಂಡಸು ಅದನ್ನು ಹಿಡಿದು ಹಿಂದಕ್ಕೆ ಜೋತು ಬಿದ್ದು ಜಗ್ಗಿ ನೋಡಲಿ. ಕೂದಲೆಳೆಯಷ್ಟು ಅಲುಗಿದರೂ ಆ ಕೆಲಸ ಮತ್ತೆ ಆಗಬೇಕು.

ಬಚ್ಚಲಿನ ನೆಲ ಜಾರುವುದಕ್ಕೆ ನೀರೊಂದೇ ಕಾರಣವಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಕರಗದ ಜಿಡ್ಡಾಗುತ್ತದೆ. ಒಣಗಿದಾಗ ಕಾಣದ ಆ ಪದರ ಒದ್ದೆಯಾದರೆ ಎಣ್ಣೆಯಂತೆ. ಬ್ಲೀಚಿಂಗ್ ಪೌಡರ್ ಅದನ್ನು ತೆಗೆಯುವುದಿಲ್ಲ. ಬಿಸಿನೀರು, ಪಾತ್ರೆ ತೊಳೆಯುವ ದ್ರವ ಹಾಕಿ ಗಡಸು ಬ್ರಷ್ಷಿನಲ್ಲಿ ವಾರಕ್ಕೊಮ್ಮೆ ತಿಕ್ಕಬೇಕು, ಉಳಿದ ಬಿಳಿ ಕಲೆಗೆ ವಿನೆಗರ್. ಅಂಗಡಿಯ ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರನ್ನು ಎಂದೂ ಒಟ್ಟಿಗೆ ಬಳಸಬಾರದು, ಮುಚ್ಚಿದ ಬಚ್ಚಲಿನಲ್ಲಿ ಏಳುವ ಕ್ಲೋರಿನ್ ಅನಿಲ ಉಸಿರನ್ನೇ ಕಟ್ಟಿಸುತ್ತದೆ. ಹೊಸ ಟೈಲ್ಸ್ ಹಾಕಿಸುವುದಾದರೆ ಹೊಳಪಿಲ್ಲದ, ಒರಟಾದ ಸಣ್ಣ ಬಿಲ್ಲೆಗಳು ಮೇಲು.

ಕುಕ್ಕರುಗಾಲಿನ ಪಾಯಿಖಾನೆಯನ್ನು ಕೂಡಲೇ ಒಡೆಸಬೇಕಿಲ್ಲ. ಅದರ ಮೇಲೆ ನಿಲ್ಲುವ, ನಡುವೆ ತೆರವಿರುವ ಸ್ಟೀಲ್ ಕಮೋಡ್ ಕುರ್ಚಿ ಸಿಗುತ್ತದೆ. ಆಸನದ ಎತ್ತರ 43ರಿಂದ 45 ಸೆಂಟಿಮೀಟರ್, ಎರಡೂ ಕಡೆ ಕೈಯಾಸರೆ, ಗಾಲಿ ಇರಬಾರದು. ಕುರ್ಚಿಯ ಕಾಲುಗಳು ಪಾದ ಇಡುವ ದಿಂಡಿನ ಮೇಲೆ ಒಂದು, ಕೆಳಗೆ ಒಂದು ಆಗಿ ಕೂತರೆ ಓಲಾಡುತ್ತದೆ. ನಾಲ್ಕೂ ಸಮತಟ್ಟಾಗಿ ಕೂರುವ ಅಗಲವನ್ನು ಅಳೆದೇ ತರಬೇಕು. ಕಾಲಿನ ರಬ್ಬರ್ ಬುಷ್ ಸವೆದು ಲೋಹ ಇಣುಕಿದೊಡನೆ ಬದಲಿಸಬೇಕು. ಬಡತನದ ರೇಖೆಗಿಂತ ಕೆಳಗಿರುವ 60 ದಾಟಿದವರಿಗೆ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯ ಶಿಬಿರಗಳಲ್ಲಿ ಊರುಗೋಲು, ವಾಕರ್‌ನಂಥ ಸಲಕರಣೆ ಉಚಿತ. ಶಿಬಿರ ಯಾವಾಗ, ಯಾವ ದಾಖಲೆ ಬೇಕು ಎಂಬುದನ್ನು ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರೊಳಗೆ ಕರೆ ಮಾಡಿ ಕೇಳಬಹುದು. ವಾಕರ್ ತರುವ ಮುಂಚೆ ಬಚ್ಚಲ ಬಾಗಿಲಿನ ಅಗಲ ನೋಡಿ. ಎರಡು ಅಡಿಯ ಬಾಗಿಲಲ್ಲಿ ಅನೇಕ ವಾಕರ್‌ಗಳು ನೇರವಾಗಿ ನುಗ್ಗುವುದಿಲ್ಲ. ಓರೆ ಮಾಡಲು ಹೋಗಿಯೇ ಬೀಳುತ್ತಾರೆ.

ಆ ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ, ಒಳಗೆ ಬಿದ್ದವರ ಮೈಯೇ ಅಡ್ಡವಾಗಿ ಯಾರೂ ನುಗ್ಗಲಾಗುವುದಿಲ್ಲ. ತಿರುಗಣೆ ಬದಲಿಸಿ ಹೊರಕ್ಕೆ ತೆರೆಯುವಂತೆ ಮಾಡಿಸುವುದು ಅರ್ಧ ದಿನದ ಕೆಲಸ. ಒಳಗಿನ ಚಿಲಕವನ್ನು ಹೊರಗಿನಿಂದ ನಾಣ್ಯ ತಿರುಗಿಸಿ ತೆಗೆಯುವ ಬಗೆಯದ್ದಾಗಿಸಿ.

ಇಷ್ಟೆಲ್ಲ ಮಾಡಿದ ಮೇಲೂ ಬೀಳುವ ಸಾಧ್ಯತೆ ಪೂರ್ತಿ ಹೋಗುವುದಿಲ್ಲ. ಬಿದ್ದು ಗಂಟೆಗಟ್ಟಲೆ ಏಳಲಾಗದೆ ಇದ್ದರೆ ಒತ್ತಿದ ಸ್ನಾಯು ಕರಗಿ ಮೂತ್ರಪಿಂಡಕ್ಕೆ ಪೆಟ್ಟಾಗುತ್ತದೆ, ಚರ್ಮ ಹುಣ್ಣಾಗುತ್ತದೆ, ತಣ್ಣನೆಯ ನೆಲಕ್ಕೆ ಮೈ ಆರುತ್ತದೆ. ಫೋನು ಆ ಹೊತ್ತಿಗೆ ದಿಂಬಿನ ಪಕ್ಕದಲ್ಲೇ ಉಳಿದಿರುತ್ತದೆ. ಅದಕ್ಕಿಂತ ಉಪಯೋಗವಾಗುವುದು ವೈರ್ ಇಲ್ಲದ ಕರೆಗಂಟೆ. ಗುಂಡಿಯನ್ನು ಕಮೋಡ್ ಕುರ್ಚಿಯ ಹತ್ತಿರ, ನೆಲದಿಂದ ಒಂದು ಅಡಿ ಮೇಲೆ ನೀರು ತಾಗದ ಕಡೆ ಅಂಟಿಸಿ, ಬಿದ್ದವರ ಕೈಗೂ ಸಿಗುತ್ತದೆ. ಗಂಟೆ ಪಕ್ಕದ ಮನೆಯಲ್ಲಿರಲಿ. ಪೆಟ್ಟಿಗೆಯ ಮೇಲೆ ಬರೆದ ದೂರ ಬಯಲಿನ ಲೆಕ್ಕ. ಕಲ್ಲು, ಮಣ್ಣಿನ ದಪ್ಪ ಗೋಡೆ ದಾಟುವಾಗ ಅದು ತುಂಬ ಕಡಿಮೆಯಾಗುತ್ತದೆ, ಆದ್ದರಿಂದ ಎರಡೂ ಮನೆಯ ಬಾಗಿಲು ಹಾಕಿ, ರಾತ್ರಿಯೇ ಒತ್ತಿ ನೋಡಬೇಕು.

ಗುಂಡಿ ಒತ್ತಲೂ ಆಗದ ಸ್ಥಿತಿಗೆ ಊರಿನ ಡೇರಿ ಇದೆ. ಬೆಳಿಗ್ಗೆ ಹಾಲು ಹಾಕಲೋ ಕೊಳ್ಳಲೋ ಅಜ್ಜಿ ದಿನಾ ಬರುತ್ತಾರೆಂದಾದರೆ, ಏಳು ಗಂಟೆಯೊಳಗೆ ಬಾರದಿದ್ದರೆ ಒಬ್ಬರು ಹೋಗಿ ಬಾಗಿಲು ತಟ್ಟುವುದು ಎಂದು ಡೇರಿಯವರ ಜೊತೆ ಮೊದಲೇ ಮಾತಾಡಿಕೊಳ್ಳಬೇಕು. ಯಾರು ಹೋಗುವವರು, ಅವರಿಲ್ಲದ ದಿನ ಇನ್ಯಾರು ಎಂದು ಹೆಸರು ಹಿಡಿದು ಗೊತ್ತುಮಾಡಿ. ‘ಯಾರಾದರೂ ನೋಡ್ತಾರೆ’ ಎಂದು ಬಿಟ್ಟರೆ ಯಾರೂ ಹೋಗುವುದಿಲ್ಲ. ಹಿಂಬಾಗಿಲ ಇನ್ನೊಂದು ಬೀಗದ ಕೈ ಪಕ್ಕದ ಮನೆಯಲ್ಲಿರಲಿ. ಮಾತ್ರೆಗಳ ಹೆಸರು, ಮಕ್ಕಳ ನಂಬರು ಬರೆದ ಕಾಗದ ಅಡುಗೆಮನೆಯ ಬಾಗಿಲ ಹಿಂದೆ ಅಂಟಿರಲಿ, 108ರವರು ಬಂದಾಗ ಮೊದಲು ಕೇಳುವುದು ಅದನ್ನೇ.