ಟಿವಿ ಸೆಟ್ಟಿಂಗ್ಸ್‌ನಲ್ಲಿ ಸಬ್‌ಟೈಟಲ್ ಆನ್ ಮಾಡಿದರೂ ಯಾಕೆ ಬರಲ್ಲ?

ಪ್ರಶ್ನೆ: ಅಮ್ಮನಿಗೆ ಈಗ ಕಿವಿ ಸ್ವಲ್ಪ ಮಂದ. ಟಿವಿಯ ಸೆಟ್ಟಿಂಗ್ಸ್ ಒಳಗೆ ಹೋಗಿ Captions ಆನ್ ಮಾಡಿದ್ದೇನೆ. ಅಕ್ಷರ ದೊಡ್ಡದಾಗಿರಲಿ ಅಂತಲೂ ಹಾಕಿದ್ದೇನೆ. ಆದರೆ ಚಾನೆಲ್‌ಗಳಲ್ಲಿ ಒಂದು ಅಕ್ಷರವೂ ಬರುತ್ತಿಲ್ಲ. ನೆಟ್‌ಫ್ಲಿಕ್ಸ್‌ನಲ್ಲಿ ಬರುತ್ತದೆ, ಆದರೆ ಗಾತ್ರ ಮೊದಲಿನಷ್ಟೇ ಚಿಕ್ಕದು. ಅಂಗಡಿಯವರು ಹೊಸ ಟಿವಿ ತಗೊಳ್ಳಿ ಅಂತಿದ್ದಾರೆ. ಟಿವಿ ಕೆಟ್ಟಿದೆಯಾ?

ಉತ್ತರ: ಕೆಟ್ಟಿಲ್ಲ. ದಯವಿಟ್ಟು ಹೊಸ ಟಿವಿ ತಗೋಬೇಡಿ. ಇದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಪ್ರತಿ ಸಲ ಎರಡು ಸಾಲಿನಲ್ಲಿ ಉತ್ತರ ಕೊಟ್ಟು ಸುಮ್ಮನಾಗುತ್ತಿದ್ದೆ. ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ಎಲ್ಲ ತೊಂದರೆಗೂ ಬೇರು ಒಂದೇ ನಂಬಿಕೆ. ಪರದೆಯ ಮೇಲೆ ಬರುವ ಅಕ್ಷರಗಳನ್ನು ಟಿವಿಯೇ ಬರೆಯುತ್ತದೆ, ಹಾಗಾಗಿ ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಒಂದು ಸಲ ಆನ್ ಮಾಡಿದರೆ ಎಲ್ಲ ಕಡೆ ಬರಬೇಕು ಅನ್ನುವ ನಂಬಿಕೆ. ಸೌಂಡ್ ಹಾಗೇ ತಾನೇ ಇರುವುದು? ಟಿವಿಯ ವಾಲ್ಯೂಮ್ ಏರಿಸಿದರೆ ಎಲ್ಲದರ ಸೌಂಡೂ ಏರುತ್ತದೆ. ಸಬ್‌ಟೈಟಲ್ ಹಾಗಲ್ಲ. ಚಿತ್ರವನ್ನು ಬಿಡಿಸುವವರು ಯಾರೋ, ಅಕ್ಷರವನ್ನು ಬರೆಯುವವರೂ ಅವರೇ. ಟಿವಿಯೊಳಗಿನ ಆ್ಯಪ್ ಸಿನಿಮಾ ತೋರಿಸುತ್ತಿದ್ದರೆ ಆ್ಯಪ್ ಬರೆಯುತ್ತದೆ. ಸೆಟ್‌ಟಾಪ್ ಬಾಕ್ಸ್ ಚಾನೆಲ್ ತೋರಿಸುತ್ತಿದ್ದರೆ ಬಾಕ್ಸ್ ಬರೆಯಬೇಕು. ಪೆನ್‌ಡ್ರೈವ್‌ನ ಸಿನಿಮಾ ಆದರೆ ಅದನ್ನು ಓಡಿಸುವ ಪ್ಲೇಯರ್ ಬರೆಯುತ್ತದೆ.

ನಮ್ಮ ಮನೆಗಳ ಮಟ್ಟಿಗೆ ಮುಖ್ಯವಾದದ್ದು ಬಾಕ್ಸ್. ಛಾವಣಿಯ ಡಿಶ್‌ನಿಂದ ಬಂದ ತಂತಿ ಬಾಕ್ಸಿಗೆ ಹೋಗುತ್ತದೆ. ಬಾಕ್ಸಿನಿಂದ ಎಚ್‌ಡಿಎಂಐ ಕೇಬಲ್ ಟಿವಿಗೆ ಬರುತ್ತದೆ. ಈ ಕೇಬಲ್‌ನಲ್ಲಿ ಹರಿಯುವುದು ಸಿದ್ಧವಾದ ಚಿತ್ರ ಮತ್ತು ಸೌಂಡ್. ಸಬ್‌ಟೈಟಲ್‌ಗೆ ಬೇಕಾದ ಪಠ್ಯ ಅದರಲ್ಲಿ ಬೇರೆಯಾಗಿ ಬರುವುದೇ ಇಲ್ಲ. ಅಡುಗೆಮನೆಯಿಂದ ಕಲಸಿದ ಅನ್ನ ತಟ್ಟೆಗೆ ಬಂದ ಹಾಗೆ. ತಟ್ಟೆಗೆ ಬಂದ ಮೇಲೆ ಅನ್ನ ಬೇರೆ, ಸಾರು ಬೇರೆ ಮಾಡಲು ಆಗಲ್ಲ ಅಲ್ವಾ? ಟಿವಿಗೆ ಓದಲು ಪಠ್ಯವೇ ಇಲ್ಲದಾಗ ನೀವು Captions ಅನ್ನು ನೂರು ಸಲ ಆನ್ ಮಾಡಿದರೂ ಅದು ಏನನ್ನು ಬರೆದೀತು?

ಹಾಗಾದರೆ ಟಿವಿಯಲ್ಲಿ ಆ ಮೆನು ಯಾಕಿದೆ ಅಂತ ಕೇಳುತ್ತೀರಿ. ಒಳ್ಳೆಯ ಪ್ರಶ್ನೆ. ಅಮೆರಿಕದಲ್ಲಿ 1990ರಲ್ಲಿ ಒಂದು ಕಾಯ್ದೆ ಬಂತು. ಅದರ ಪ್ರಕಾರ 1993ರ ಜುಲೈನಿಂದ ಅಲ್ಲಿ ಮಾರುವ 13 ಇಂಚು ಮತ್ತು ಅದಕ್ಕಿಂತ ದೊಡ್ಡ ಟಿವಿಗಳಲ್ಲೆಲ್ಲ ಕ್ಯಾಪ್ಷನ್ ಓದುವ ವ್ಯವಸ್ಥೆ ಒಳಗೇ ಇರಬೇಕಾಯಿತು. ಅಲ್ಲಿ ಆಂಟೆನಾ ತಂತಿ ನೇರವಾಗಿ ಟಿವಿಗೆ ಬರುತ್ತಿತ್ತು, ಚಾನೆಲ್‌ಗಳೂ ಚಿತ್ರದ ಜೊತೆ ಪಠ್ಯ ಕಳಿಸುತ್ತಿದ್ದವು. ನಮ್ಮಲ್ಲೂ ತಂತಿಯನ್ನು ನೇರವಾಗಿ ಟಿವಿಯ ಹಿಂದಿನ ಆಂಟೆನಾ ತೂತಿಗೆ ಸಿಕ್ಕಿಸಿ, ಟಿವಿಯೊಳಗಿನ ಟ್ಯೂನರ್‌ನಲ್ಲೇ ಚಾನೆಲ್ ನೋಡುವವರಿಗೆ, ಮತ್ತು ಚಾನೆಲ್ ಪಠ್ಯ ಕಳಿಸುತ್ತಿದ್ದರೆ, ಆ ಮೆನು ಕೆಲಸ ಮಾಡುತ್ತದೆ. ಈ ಎರಡೂ ಒಟ್ಟಿಗೆ ಕೂಡಿಬರುವ ಮನೆ ನಮ್ಮಲ್ಲಿ ಬಹಳ ಕಡಿಮೆ.

ಇನ್ನೊಂದು ಮಾತು. ಚಾನೆಲ್‌ನವರು ಕೆಲವು ಸಿನಿಮಾಗಳಿಗೆ ಕೆಳಗೆ ಇಂಗ್ಲಿಷ್ ಸಾಲು ಹಾಕುತ್ತಾರಲ್ಲ, ಅದು ಚಿತ್ರಕ್ಕೇ ಅಂಟಿಸಿದ ಅಕ್ಷರ. ಗೋಡೆಗೆ ಬಳಿದ ಬಣ್ಣದ ಹಾಗೆ. ಅದನ್ನು ಆಫ್ ಮಾಡಲು, ದೊಡ್ಡದು ಮಾಡಲು, ಭಾಷೆ ಬದಲಿಸಲು ಯಾವ ರಿಮೋಟ್‌ನಿಂದಲೂ ಆಗದು. ಗುರುತಿಸುವುದು ಸುಲಭ. ಬಾಕ್ಸ್‌ನಲ್ಲೂ ಟಿವಿಯಲ್ಲೂ ಸಬ್‌ಟೈಟಲ್ ಆಫ್ ಮಾಡಿ. ಆಮೇಲೂ ಅಕ್ಷರ ಕಾಣಿಸಿದರೆ ಅದು ಅಂಟಿಸಿದ್ದೇ. ಅಲ್ಲಿಗೆ ಪ್ರಯತ್ನ ನಿಲ್ಲಿಸಿ.

ಈಗ ಸರಿಯಾಗಿ ಮಾಡುವ ದಾರಿ. ಹೋದ ವರ್ಷ ತಿಪಟೂರಿನಲ್ಲಿ ನಮ್ಮ ದೊಡ್ಡಮ್ಮನ ಮನೆಯಲ್ಲಿ ಮಾಡಿದ್ದನ್ನೇ ಹೇಳುತ್ತೇನೆ. ಅವರು ನಿವೃತ್ತ ಹೈಸ್ಕೂಲ್ ಮೇಡಂ, ಇಂಗ್ಲಿಷ್ ಸಲೀಸಾಗಿ ಓದುತ್ತಾರೆ. ಟಿವಿ 43 ಇಂಚಿನದು, ಅವರು ಕೂರುವ ಕುರ್ಚಿ ಸುಮಾರು ಹತ್ತು ಅಡಿ ದೂರ. "ಅಕ್ಷರ ಕಾಣುತ್ತೆ ಕಣೋ, ಆದ್ರೆ ಓದೋಷ್ಟರಲ್ಲಿ ಹೋಗಿಬಿಡುತ್ತೆ" ಅಂದರು. ನಿಮ್ಮ ಅಮ್ಮನ ಕಥೆಯೂ ಇದೇ ಇರಬೇಕು.

ಮೊದಲು ಆನ್ ಮಾಡುವುದು ಮತ್ತು ಭಾಷೆ. ಇದನ್ನು ಸಿನಿಮಾ ಓಡುತ್ತಿರುವಾಗಲೇ ಮಾಡಬೇಕು. ನೆಟ್‌ಫ್ಲಿಕ್ಸ್‌ನಲ್ಲಿ ರಿಮೋಟ್‌ನ ಕೆಳಗಿನ ಬಾಣ ಒತ್ತಿದರೆ ಪಟ್ಟಿ ಬರುತ್ತದೆ, ಅದರಲ್ಲಿ Audio & Subtitles ಆರಿಸಿ. ಯೂಟ್ಯೂಬ್‌ನಲ್ಲಿ OK ಒತ್ತಿ CC ಗುರುತು ಹುಡುಕಿ. ಬೇರೆ ಆ್ಯಪ್‌ಗಳಲ್ಲೂ ಹೀಗೇ, ಮಾತಿನ ಗುಳ್ಳೆಯಂಥ ಚಿಕ್ಕ ಚಿತ್ರವೋ Subtitles ಅನ್ನುವ ಹೆಸರೋ ಇರುತ್ತದೆ. ಅಲ್ಲಿ ಕಾಣುವ ಭಾಷೆಗಳಷ್ಟೇ ಆ ಸಿನಿಮಾಗೆ ಇವೆ. ಕನ್ನಡ ಇಲ್ಲದಿದ್ದರೆ ಟಿವಿಯ ಭಾಷೆಯನ್ನು ಕನ್ನಡ ಮಾಡಿದರೂ ಕನ್ನಡ ಸಬ್‌ಟೈಟಲ್ ಬರಲ್ಲ. ಯಾರಾದರೂ ಬರೆದು ಕೊಟ್ಟಿದ್ದರೆ ತಾನೇ ಬರುವುದು.

ಇನ್ನು ಗಾತ್ರ ಮತ್ತು ಬಣ್ಣ. ನಿಮ್ಮ ಟಿವಿ ಆಂಡ್ರಾಯ್ಡ್‌ನದಾದರೆ Settings ಒಳಗೆ Accessibility, ಅದರೊಳಗೆ Captions ಅಂತ ಇರುತ್ತದೆ. ಕೆಲವು ಟಿವಿಗಳಲ್ಲಿ ನಡುವೆ System ಅಥವಾ Device Preferences ಅನ್ನುವ ಇನ್ನೊಂದು ಮೆಟ್ಟಿಲು ಇದೆ. ಇಲ್ಲಿ ನೀವು ಆರಿಸಿದ ಗಾತ್ರವನ್ನು ಕೆಲವು ಆ್ಯಪ್‌ಗಳು ಒಪ್ಪಿಕೊಳ್ಳುತ್ತವೆ, ಕೆಲವು ತಮ್ಮದೇ ಸೆಟ್ಟಿಂಗ್ ಇಟ್ಟುಕೊಂಡಿರುತ್ತವೆ. ಒಂದು ಆ್ಯಪ್‌ನಲ್ಲಿ ಬದಲಾಗಿ ಇನ್ನೊಂದರಲ್ಲಿ ಬದಲಾಗದಿದ್ದರೆ ಗಾಬರಿ ಬೇಡ. ಬದಲಾಗದ ಆ್ಯಪ್ ಒಳಗೇ ಹುಡುಕಿ. ಯೂಟ್ಯೂಬ್‌ನಲ್ಲಿ ಕ್ಯಾಪ್ಷನ್ ಪಟ್ಟಿಯೊಳಗೇ ಅಕ್ಷರದ ಶೈಲಿ ಬದಲಿಸುವ ಜಾಗ ಇದೆ.

ನೆಟ್‌ಫ್ಲಿಕ್ಸ್‌ನದ್ದು ಬೇರೆ ದಾರಿ, ಹೆಚ್ಚಿನವರು ಎಡವುವುದೂ ಇಲ್ಲೇ. ಮೊಬೈಲ್ ಅಥವಾ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ netflix.com ತೆರೆದು Account ಒಳಗೆ ಹೋಗಿ. ಪ್ರೊಫೈಲ್‌ಗಳ ಪಟ್ಟಿಯಲ್ಲಿ ಟಿವಿಯಲ್ಲಿ ನೋಡುವವರ ಹೆಸರು ಆರಿಸಿ. ಅಲ್ಲಿ Subtitle appearance ಇದೆ. ಅಕ್ಷರದ ಗಾತ್ರ, ಬಣ್ಣ, ನೆರಳು, ಹಿನ್ನೆಲೆ ಎಲ್ಲ ಅಲ್ಲೇ. ಬದಲಿಸಿ ಸೇವ್ ಮಾಡಿ. ಆಮೇಲೆ ಟಿವಿಯಲ್ಲಿ ಆ್ಯಪ್‌ನಿಂದ ಪೂರ್ತಿ ಹೊರಬಂದು ಮತ್ತೆ ತೆರೆಯಿರಿ. ದೊಡ್ಡಮ್ಮನ ಮನೆಯಲ್ಲಿ ಅವರ ಮಗ ಬೆಂಗಳೂರಿನಿಂದಲೇ ಇದನ್ನೆಲ್ಲ ಮಾಡಿದ್ದ. ಆದರೂ ಏನೂ ಆಗಿರಲಿಲ್ಲ. ಯಾಕೆಂದರೆ ಬದಲಿಸಿದ್ದು ಅವನ ಪ್ರೊಫೈಲ್‌ನಲ್ಲಿ, ದೊಡ್ಡಮ್ಮ ನೋಡುತ್ತಿದ್ದದ್ದು ಅವರ ಪ್ರೊಫೈಲ್‌ನಲ್ಲಿ. ಈ ಸೆಟ್ಟಿಂಗ್ ಪ್ರತಿ ಪ್ರೊಫೈಲ್‌ಗೂ ಬೇರೆ. ತುಂಬ ಹಳೆಯ ಟಿವಿಗಳು ಈ ಬದಲಾವಣೆಯನ್ನು ತೋರಿಸದೇ ಇರಬಹುದು, ಅದೊಂದು ಮಿತಿ.

ನಾವು ಮೊದಲು ಗಾತ್ರವನ್ನು ದೊಡ್ಡದಕ್ಕೆ ಇಟ್ಟೆವು. ಉದ್ದ ಮಾತು ಬಂದಾಗ ಸಾಲುಗಳು ಪಾತ್ರದ ಮುಖದ ಮೇಲೇ ಬಂದವು. ನಿಜವಾದ ತೊಂದರೆ ಗಾತ್ರ ಅಲ್ಲ ಅಂತ ಆಗ ಗೊತ್ತಾಯಿತು. ಬಿಳಿ ಅಕ್ಷರ, ಬಿಳಿ ಪಂಚೆ, ಬಿಳಿ ಆಕಾಶ. ಅಕ್ಷರದ ಅಂಚೇ ಕಣ್ಣಿಗೆ ಸಿಗುತ್ತಿರಲಿಲ್ಲ. ಗಾತ್ರವನ್ನು ಮಧ್ಯಮಕ್ಕೆ ಇಳಿಸಿ, ಬಣ್ಣ ಹಳದಿ ಮಾಡಿ, ಹಿಂದೆ ಕಪ್ಪು ಪಟ್ಟಿ ಹಾಕಿದೆವು. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಳ್ಳದೇ ಓದಿದರು. ನಿಮ್ಮ ಅಮ್ಮನಿಗೂ ಮೊದಲು ಹಿನ್ನೆಲೆ ಹಾಕಿ ನೋಡಿ, ಗಾತ್ರ ಆಮೇಲೆ.

ಪೆನ್‌ಡ್ರೈವ್‌ನಲ್ಲಿ ನೋಡುವವರಿಗೆ ಸ್ವಲ್ಪ. ಸಿನಿಮಾ ಫೈಲ್ ಮತ್ತು ಸಬ್‌ಟೈಟಲ್ ಫೈಲ್ ಒಂದೇ ಫೋಲ್ಡರ್‌ನಲ್ಲಿ, ಒಂದೇ ಹೆಸರಿನಲ್ಲಿ ಇರಲಿ. `cinema.mp4` ಇದ್ದರೆ `cinema.srt` ಇರಬೇಕು. ಒಳಗೆ ಇರುವುದು ಬರೀ ಪಠ್ಯ:

```
1
00:00:05,000 --> 00:00:08,500
ಅಮ್ಮ, ಊಟ ಆಯ್ತಾ?
```

ಕನ್ನಡದ ಬದಲು `à²` ತರಹದ ಗೀಚುಗಳು ಸಾಲಾಗಿ ಬಂದರೆ ಪ್ಲೇಯರ್ ಫೈಲನ್ನು ತಪ್ಪು ಸಂಕೇತದಲ್ಲಿ ಓದುತ್ತಿದೆ ಅಂತ. ಪ್ಲೇಯರ್‌ನ ಸಬ್‌ಟೈಟಲ್ ಸೆಟ್ಟಿಂಗ್‌ನಲ್ಲಿ Encoding ಇದ್ದರೆ ಅದನ್ನು UTF-8 ಮಾಡಿ. ಇಲ್ಲದಿದ್ದರೆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು, Save As ಒಳಗೆ Encoding ಅನ್ನು UTF-8 with BOM ಮಾಡಿ ಉಳಿಸಿ ನೋಡಿ. ಖಾಲಿ ಚೌಕಗಳು ಬಂದರೆ ಅಥವಾ ಒತ್ತಕ್ಷರ ಪಕ್ಕಕ್ಕೆ ಒಡೆದು ನಿಂತರೆ ತಪ್ಪು ಫೈಲ್‌ನದ್ದಲ್ಲ. ಆ ಪ್ಲೇಯರ್‌ಗೆ ಕನ್ನಡ ಜೋಡಿಸಲು ಬರಲ್ಲ. ಆಂಡ್ರಾಯ್ಡ್ ಟಿವಿಯಾದರೆ ವಿಎಲ್‌ಸಿ ಹಾಕಿ ನೋಡಿ, ಅದರಲ್ಲಿ ಗಾತ್ರ ಬಣ್ಣಗಳನ್ನೂ ಬದಲಿಸಬಹುದು.

ಇಷ್ಟೆಲ್ಲ ಆದ ಮೇಲೆ ದೊಡ್ಡಮ್ಮ ಒಂದು ಮಾತು ಹೇಳಿದರು. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅವರು ಒಂದು ಮಲಯಾಳಂ ಸಿನಿಮಾವನ್ನು ಕನ್ನಡ ಡಬ್ಬಿಂಗ್‌ನಲ್ಲಿ, ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ನೋಡುತ್ತಿದ್ದರು. "ಕಿವಿಗೆ ಬೀಳೋದೇ ಒಂದು, ಕೆಳಗೆ ಬರೆದಿರೋದೇ ಇನ್ನೊಂದು. ಯಾವುದನ್ನ ನಂಬಲಿ?" ಅಂದರು.

ಎರಡೂ ತಪ್ಪಲ್ಲ. ಡಬ್ಬಿಂಗ್ ಬರೆಯುವವರು ನಟನ ತುಟಿ ನೋಡಿಕೊಂಡು ಬರೆಯುತ್ತಾರೆ. ತುಟಿ ಮುಚ್ಚುವ ಕಡೆ ಪ, ಬ, ಮ ಬಂದರೆ ಒಳ್ಳೆಯದು, ಮಾತು ಮುಗಿಯುವ ಹೊತ್ತಿಗೆ ವಾಕ್ಯವೂ ಮುಗಿಯಬೇಕು. ಅದಕ್ಕಾಗಿ ಮಾತನ್ನು ತಿರುಗಿಸುತ್ತಾರೆ. ಸಬ್‌ಟೈಟಲ್ ಬರೆಯುವವರಿಗೆ ತುಟಿಯ ಚಿಂತೆ ಇಲ್ಲ, ಓದುವವರ ವೇಗದ ಚಿಂತೆ. ಅವರು ಮೂಲ ಮಲಯಾಳಂ ಮಾತು ಕೇಳಿ ಅದನ್ನು ಚಿಕ್ಕದು ಮಾಡುತ್ತಾರೆ. ಅವರು ಕನ್ನಡ ಡಬ್ಬಿಂಗನ್ನು ಕೇಳಿಯೇ ಇರುವುದಿಲ್ಲ. ಕಿವಿ ಮಂದ ಇರುವವರಿಗೆ ಇದು ಜಾಸ್ತಿ ತೊಂದರೆ. ಅರ್ಧ ಕೇಳಿ ಅರ್ಧ ಓದಿ ಕೂಡಿಸಿಕೊಳ್ಳುವವರಿಗೆ ಎರಡೂ ಹೊಂದಲೇಬೇಕು.

ಅದೇ Audio & Subtitles ಪಟ್ಟಿಯಲ್ಲಿ ಆಡಿಯೋವನ್ನು ಮಲಯಾಳಂಗೆ ತಿರುಗಿಸಿ ಕೊಟ್ಟೆ. "ಈಗ ಸರಿ ಹೋಯ್ತು, ಅರ್ಧಕ್ಕರ್ಧ ಮಲಯಾಳಂ ಅರ್ಥವೇ ಆಗ್ತಿದೆ" ಅಂದರು. ಸಿನಿಮಾವನ್ನು ಮೊದಲಿನಿಂದ ಮತ್ತೆ ಹಾಕಿಸಿಕೊಂಡರು.