ಡಿಎಲ್ ಸಸ್ಪೆಂಡ್ ಆದ್ಮೇಲೆ ಹಾಕೋ ‘ಅಪೀಲು’ ಅಂದ್ರೆ ಏನು?

ಟ್ರಾಫಿಕ್ ಪೊಲೀಸ್ರು ಡಿಎಲ್ ಇಸ್ಕೊಂಡ್ರೆ ಅಲ್ಲೇ ಸಸ್ಪೆಂಡ್ ಆಯ್ತು ಅಂತ ತುಂಬಾ ಜನ ಅನ್ಕೋತಾರೆ, ಆದ್ರೆ ಹಾಗಲ್ಲ. ಪೊಲೀಸ್ರು ಡಿಎಲ್ ತಗೊಂಡು ರಸೀದಿ ಕೊಟ್ಟು ಆರ್‌ಟಿಓಗೆ ಕಳಿಸ್ತಾರೆ ಅಷ್ಟೇ, ಸಸ್ಪೆಂಡ್ ಮಾಡೋದು ಆರ್‌ಟಿಓ, ಅದೂ ನಿಮ್ಮ ಮಾತು ಕೇಳಿ, ಕಾರಣ ಬರೆದು ಆದೇಶ ಮಾಡಬೇಕು. ಮೋಟಾರು ವಾಹನ ಕಾಯ್ದೆ 1988ರ 19ನೇ ಸೆಕ್ಷನ್ ಹೇಳೋದು ಇದನ್ನೇ. ಆ ಆದೇಶ ಕೈಗೆ ಬಂದ 30 ದಿನದೊಳಗೆ ಆರ್‌ಟಿಓಗಿಂತ ಮೇಲಿನ, ರಾಜ್ಯದ ನಿಯಮದಲ್ಲಿ ಸೂಚಿಸಿರೋ ಅಧಿಕಾರಿ ಮುಂದೆ ಪ್ರಶ್ನೆ ಮಾಡೋದಕ್ಕೆ ಅಪೀಲು ಅಂತಾರೆ.

ಒಬ್ಬ ಕ್ಯಾಬ್ ಡ್ರೈವರ್ ಅನ್ಕೊಳ್ಳಿ. ಫೋನ್ ಕೈಯಲ್ಲಿ ಹಿಡ್ಕೊಂಡು ಓಡಿಸ್ತಿದ್ದ ಅಂತ ಡಿಎಲ್ ಹೋಯ್ತು, ಆರ್‌ಟಿಓ ನೋಟಿಸ್ ಹಳೇ ಬಾಡಿಗೆ ಮನೆ ಅಡ್ರೆಸ್‌ಗೆ ಹೋಗಿ ವಾಪಸ್ ಬಂತು, ಇವನು ಹಾಜರಾಗಲಿಲ್ಲ ಅಂತ 3 ತಿಂಗಳು ಅನರ್ಹ ಅಂತ ಆದೇಶ ಆಯ್ತು. ಇವನು ಮೊದಲು ಹೇಳೋದೇ ‘ಸಾರ್, ಫೈನ್ ಕಟ್ಟಿದೀನಲ್ಲ, ಮುಗೀತಲ್ಲ’ ಅಂತ. ಈ ವಾದ ನಿಲ್ಲಲ್ಲ, ಯಾಕಂದ್ರೆ 2019ರ ತಿದ್ದುಪಡಿ ಪ್ರಕಾರ ದಂಡ ಕಟ್ಟಿದ್ರೂ ಡಿಎಲ್ ಮೇಲಿನ ಕ್ರಮ ಬೇರೆಯಾಗೇ ನಡೆಯುತ್ತೆ.

ಅಪೀಲು ಕೊಟ್ರೆ ಅಧಿಕಾರಿ ಆರ್‌ಟಿಓಗೂ ನೋಟಿಸ್ ಕಳಿಸ್ತಾರೆ, ಕೇಳಿಕೊಂಡ್ರೆ ಎರಡೂ ಕಡೆಯವರ ಮಾತು ಕೇಳ್ತಾರೆ. ಸಿನಿಮಾ ಕೋರ್ಟ್ ಥರ ಏನೂ ಇರಲ್ಲ, ಮೇಜಿನ ಮೇಲೆ ಫೈಲ್ ಇಟ್ಕೊಂಡು ಮಾತಾಡೋದು. ಇಲ್ಲಿ ‘ಮನೆ ನಡೆಯಲ್ಲ ಸಾರ್’ ಅಂತ ಅಳೋದಕ್ಕಿಂತ ಫೈಲ್‌ನಲ್ಲಿ ಏನಿಲ್ಲ ಅಂತ ತೋರಿಸೋದೇ ಕೆಲಸಕ್ಕೆ ಬರೋದು: ನೋಟಿಸ್ ತಲುಪಿದ್ದಕ್ಕೆ ಏನು ಪುರಾವೆ ಇದೆ, ಆದೇಶದಲ್ಲಿ ಕಾರಣ ಇದ್ಯಾ, ಇಲ್ಲ ಬರೀ ಪ್ರಿಂಟೆಡ್ ಫಾರ್ಮ್‌ನಲ್ಲಿ ಹೆಸರು ತುಂಬಿದಾರಾ, ಆ ಹೊತ್ತಲ್ಲಿ ಓಡಿಸ್ತಿದ್ದಿದ್ದು ಇವನೇ ಅನ್ನೋದಕ್ಕೆ ಫೋಟೋ ಇದ್ಯಾ. ಆದ್ರೆ ಡಿಎಲ್‌ನಲ್ಲಿ ಅಡ್ರೆಸ್ ಬದಲಾಯಿಸದೇ ಇದ್ದಿದ್ದು ನಿನ್ನ ತಪ್ಪಲ್ವಾ ಅಂತ ಅವರೂ ಕೇಳೇ ಕೇಳ್ತಾರೆ, ಅದಕ್ಕೆ ಉತ್ತರ ರೆಡಿ ಇಟ್ಕೊಂಡು ಹೋಗ್ಬೇಕು. ಅಪೀಲು ಒಪ್ಪಿದ್ರೂ ಆದೇಶ ಪೂರ್ತಿ ರದ್ದಾಗುತ್ತೆ ಅಂತೇನಿಲ್ಲ, ವಿಚಾರಣೆ ಸರಿಯಾಗಿ ಆಗಿಲ್ಲ ಅನ್ನಿಸಿದ್ರೆ ಮತ್ತೆ ಕೇಳಿ ಅಂತ ಆರ್‌ಟಿಓಗೇ ವಾಪಸ್ ಕಳಿಸಬಹುದು.

ಇನ್ನೊಂದು, ಅಪೀಲು ಹಾಕಿದ ಮಾತ್ರಕ್ಕೆ ಸಸ್ಪೆನ್ಷನ್ ನಿಲ್ಲಲ್ಲ. ಅರ್ಜಿ ಜೊತೆಗೇ ತಡೆಯಾಜ್ಞೆ ಕೇಳ್ಬೇಕು, ಇಲ್ಲಾಂದ್ರೆ ವಿಚಾರಣೆ ಡೇಟ್ ಬರೋಷ್ಟ್ರಲ್ಲಿ ಆ 3 ತಿಂಗಳೇ ಮುಗಿದಿರುತ್ತೆ. ತಡೆ ಸಿಗದೇ ಗಾಡಿ ತೆಗೆದ್ರೆ 182ನೇ ಸೆಕ್ಷನ್ನು, 3 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಎರಡೂ ಆಗ್ಬಹುದು.

ಅಪೀಲು ಅಧಿಕಾರಿ ಹೇಳಿದ್ದೇ ಅಂತಿಮ ಅಂತ ಕಾಯ್ದೆ ಹೇಳುತ್ತೆ, ಅದಾದ್ಮೇಲೆ ಉಳಿಯೋದು ಹೈಕೋರ್ಟ್‌ನಲ್ಲಿ ರಿಟ್ ಅರ್ಜಿ. ಕೋರ್ಟೇ ಶಿಕ್ಷೆ ಜೊತೆ ಅನರ್ಹ ಮಾಡಿದ್ರೆ ಮಾತ್ರ ಈ ದಾರಿ ಅಲ್ಲ, ಆಗ ಮೇಲಿನ ಕೋರ್ಟ್‌ಗೇ ಹೋಗ್ಬೇಕು.